ಗಾರೆಯಲ್ಲಿ ಉಳಿದ ಮೂರಕ್ಷರ

ಆ ಬಾವಿಯ ಕೆಲಸಕ್ಕೆ ಹೋದಾಗ ನಾನಿನ್ನೂ ಗೌಂಡಿ ಆಗಿರಲಿಲ್ಲ. ಕಾಕಾನ ಕೈಕೆಳಗಿನ ಹುಡುಗ. ಗಾರೆ ಕಲೆಸುವುದು, ಕಲ್ಲು ತೊಳೆಯುವುದು, ಕಲ್ಲಿಗೆ ನಂಬರ್ ಹಾಕುವುದು, ಇಷ್ಟೇ ನನ್ನ ಪಾಲಿನ ಕೆಲಸ. ಕಾಕಾ ಅಂದರೆ ರಕ್ತಸಂಬಂಧಿ ಏನಲ್ಲ. ನಮ್ಮ ಕಡೆ ಹಿರಿಯ ಗೌಂಡಿಯನ್ನು ಹುಡುಗರು ಹಾಗೇ ಕರೆಯುತ್ತಾರೆ.

ಗದಗ ಜಿಲ್ಲೆಯ ಒಂದು ಸಣ್ಣ ಊರು. ಲಕ್ಕುಂಡಿಯ ಮುಸುಕಿನ ಬಾವಿ ನೋಡಿದವರಿಗೆ ಇಂಥ ಬಾವಿಗಳ ಅಂದಾಜು ಇರುತ್ತದೆ. ಮೇಲಿನಿಂದ ಮೆಟ್ಟಿಲು ಇಳಿಯುತ್ತ ಹೋಗುತ್ತವೆ, ನಡುವೆ ಅಗಲವಾದ ಕಟ್ಟೆ, ಗೋಡೆಯಲ್ಲಿ ಅಲ್ಲಲ್ಲಿ ಗೂಡು, ಕೆಳಗೆ ಚೌಕ ಹೊಂಡ. ನಾವು ಹೋದ ಬಾವಿ ಅಷ್ಟು ಚಂದದ್ದಲ್ಲ. ಕೆತ್ತನೆ ಕಡಿಮೆ, ಗೂಡುಗಳಲ್ಲಿ ಮೂರ್ತಿ ಇಲ್ಲ, ಸರ್ಕಾರದ ಸಂರಕ್ಷಿತ ಪಟ್ಟಿಯಲ್ಲೂ ಇರಲಿಲ್ಲ. ಊರಿನವರೇ ಹಣ ಕೂಡಿಸಿ ರಿಪೇರಿಗೆ ಕರೆದಿದ್ದರು.

ಬಾವಿ ಕೆಟ್ಟಿದ್ದಕ್ಕೆ ಎರಡು ಕಾರಣ. ಸುತ್ತ ಎಲ್ಲ ಎರೆಭೂಮಿ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಪ್ರತಿ ಮಳೆಗಾಲ ಅದು ಗೋಡೆಯನ್ನು ಒಳಕ್ಕೆ ಸ್ವಲ್ಪ ಸ್ವಲ್ಪ ನೂಕುತ್ತದೆ. ಹಳೆಯ ಕಟ್ಟಡದವರಿಗೆ ಇದು ಗೊತ್ತಿತ್ತು. ಅದಕ್ಕೇ ಕಲ್ಲುಗಳ ಸಂದು ಪೂರ್ತಿ ಮುಚ್ಚಿರಲಿಲ್ಲ. ಹಿಂದೆ ನಿಂತ ನೀರು ಸಂದಿನಿಂದ ಬಾವಿಗೆ ಜಿನುಗಿ ಇಳಿಯುತ್ತಿತ್ತು, ಗೋಡೆಯ ಮೇಲಿನ ಭಾರ ಕಡಿಮೆಯಾಗುತ್ತಿತ್ತು. ನಮಗಿಂತ ಮೊದಲು ಬಂದ ಯಾರೋ ಗುತ್ತಿಗೆದಾರ ಸಂದುಗಳಿಗೆಲ್ಲ ಸಿಮೆಂಟ್ ಬಳಿದು ಹೋಗಿದ್ದ. ನೋಡಲು ಗಟ್ಟಿಮುಟ್ಟು. ಆದರೆ ನೀರು ಹೊರಬರಲು ದಾರಿ ಇಲ್ಲದೆ ಒಂದು ಬದಿಯ ಗೋಡೆ ಹೊಟ್ಟೆ ಬಿಟ್ಟಿತ್ತು. ಅದರ ಜೊತೆಗೆ ನಡುವಿನ ಕಟ್ಟೆಯ ಹಾಸುಗಲ್ಲೂ ಒಂದು ಮೂಲೆಯಲ್ಲಿ ಕುಸಿದಿತ್ತು.

ಮೊದಲು ನೀರು ಇಳಿಸಬೇಕಿತ್ತು. ಊರಿನ ಹುಡುಗರು ದೊಡ್ಡ ಪಂಪ್ ತಂದು ಒಂದೇ ರಾತ್ರಿಯಲ್ಲಿ ಖಾಲಿ ಮಾಡಿಬಿಡುತ್ತೇವೆ ಎಂದರು. ಕಾಕಾ ಒಪ್ಪಲಿಲ್ಲ. ಬಾವಿಯಲ್ಲಿ ತುಂಬಿರುವ ನೀರು ಗೋಡೆಗೆ ಎದುರಿನಿಂದ ಆಸರೆ ಕೊಡುತ್ತಿರುತ್ತದೆ. ಅದನ್ನು ಒಮ್ಮೆಲೇ ತೆಗೆದರೆ ಹಿಂದಿನ ಒದ್ದೆ ಮಣ್ಣಿನ ಭಾರ ಪೂರ್ತಿ ಗೋಡೆಯ ಮೇಲೆ ಬೀಳುತ್ತದೆ. ಆ ಮಣ್ಣಿನೊಳಗಿನ ನೀರು ಬಸಿಯಲು ಸಮಯ ಬೇಕು. ಸ್ವಲ್ಪ ಇಳಿಸಿ, ನಿಲ್ಲಿಸಿ, ಗೋಡೆಯ ಮುಂದೆ ಕಟ್ಟಿದ ದಾರ ನೋಡಿ, ಮತ್ತೆ ಇಳಿಸಬೇಕು. ಗೋಡೆ ಇನ್ನಷ್ಟು ಮುಂದೆ ಬಂದರೆ ದಾರಕ್ಕೂ ಕಲ್ಲಿಗೂ ಇರುವ ಅಂತರ ಕಡಿಮೆಯಾಗುತ್ತದೆ. ಅಳತೆ ನೋಡುವ ಕೆಲಸ ನನ್ನದು. ಬೇಜಾರಿನ ಕೆಲಸ, ಆದರೆ ಬಾವಿ ರಿಪೇರಿಯಲ್ಲಿ ಜೀವ ಉಳಿಸುವುದು ಇದೇ.

ಉಬ್ಬಿದ ಗೋಡೆಯನ್ನು ಬಿಚ್ಚಿ ಕಟ್ಟಿದ್ದನ್ನು ಇಲ್ಲಿ ಜಾಸ್ತಿ ಹೇಳುವುದಿಲ್ಲ. ಸಾಲಿಗೊಂದು ಅಕ್ಷರ, ಕಲ್ಲಿಗೊಂದು ಅಂಕಿ. ನಂಬರನ್ನು ಮಾತ್ರ ಕಲ್ಲಿನ ಮುಖದ ಮೇಲೆ ಬರೆಯಬಾರದು. ಮೇಲಿನ ಕಲ್ಲು ಕೂರುವ ಜಾಗದಲ್ಲಿ ಬರೆದರೆ ಕಟ್ಟಿದ ಮೇಲೆ ಕಾಣುವುದಿಲ್ಲ. ಗೋಡೆಯ ಹಿಂದೆ ಎರೆಮಣ್ಣಿನ ಬದಲು ಗರಸು ಮತ್ತು ಜಲ್ಲಿ ತುಂಬಿದೆವು. ಅಷ್ಟು ಸಾಕು. ನಾನು ಹೇಳಬೇಕಾದ್ದು ಆ ಹಾಸುಗಲ್ಲಿನ ವಿಷಯ.

ಕಲ್ಲು ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ದಪ್ಪ ಒಂದು ಗೇಣಿಗೆ ಸ್ವಲ್ಪ ಕಮ್ಮಿ. ನಮ್ಮ ಕಡೆಯ ಹಳೆಯ ಗುಡಿಗಳಲ್ಲಿ ಸಿಗುವ ಹಸಿರು ಛಾಯೆಯ ಕಪ್ಪು ಬಳಪದ ಕಲ್ಲು. ಮುನ್ನೂರೈವತ್ತು ಕೆಜಿಗೆ ಕಡಿಮೆ ಇರಲಿಲ್ಲ. ಅಕ್ಕಪಕ್ಕದ ಹಾಸುಗಲ್ಲುಗಳು ಬೇರೆ ಜಾತಿ, ಒರಟು ಕಗ್ಗಲ್ಲು. ಕಾಕಾ ಇದನ್ನು ಮೊದಲ ದಿನವೇ ಗಮನಿಸಿದ್ದ.

"ಈ ಕಲ್ಲು ಈ ಬಾವಿದಲ್ಲ ಬಿಡು. ಎಲ್ಲಿಂದಲೋ ತಂದು ಹಾಕ್ಯಾರ."

ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಕುಸಿದ ಮೂಲೆಯಲ್ಲಿ ಟೊಳ್ಳು ಸದ್ದು. ಉಳಿದ ಕಡೆ ಗಟ್ಟಿ. ಅಂದರೆ ಮೂಲೆಯ ಕೆಳಗಿನ ಮಣ್ಣು ಹೋಗಿದೆ, ಮಿಕ್ಕ ಕಡೆ ಗಾರೆ ಇನ್ನೂ ಕಲ್ಲನ್ನು ಹಿಡಿದುಕೊಂಡಿದೆ. ಇಂಥ ಕಲ್ಲನ್ನು ಹಾರೆಯಿಂದ ಕಿತ್ತರೆ ಅಂಚು ಒಡೆಯುತ್ತದೆ. ಬಳಪದ ಕಲ್ಲು ಮೆತ್ತಗಿನದು, ಪದರು ಪದರಾಗಿ ಏಳುತ್ತದೆ. ಹಾಗಾಗಿ ಒಂದು ಉದ್ದನೆಯ ಬದಿಯ ಸಂದಿನಿಂದ ಸಿಮೆಂಟನ್ನು ಚಾಣದಿಂದ ತೆಗೆದು, ತೆಳು ಮರದ ಬೆಣೆಗಳನ್ನು ಹೊಡೆದೆವು. ಒಂದಾದ ಮೇಲೊಂದು, ಸಮಾನಾಗಿ. ಕಲ್ಲು ಎದ್ದ ಹಾಗೆ ಕೆಳಗೆ ಕಟ್ಟಿಗೆ ತುಂಡು ಇಟ್ಟೆವು. ಆಮೇಲೆ ಮುಕ್ಕಾಲಿ ನಿಲ್ಲಿಸಿ, ಚೈನ್ ಪುಲ್ಲಿ ಹಾಕಿ, ಇನ್ನೊಂದು ಬದಿಯನ್ನು ನೆಲದಲ್ಲೇ ಬಿಟ್ಟು, ಪುಸ್ತಕದ ರಟ್ಟು ತೆರೆದ ಹಾಗೆ ಕಲ್ಲನ್ನು ಅಂಚಿನ ಮೇಲೆ ನಿಲ್ಲಿಸಿದೆವು.

ಕಲ್ಲಿನ ಅಡಿಭಾಗಕ್ಕೆ ಮಣ್ಣು, ಗಾರೆ ಮೆತ್ತಿಕೊಂಡಿತ್ತು. ಅಲ್ಲಿ ಏನೂ ಕಾಣಲಿಲ್ಲ. ಕಾಕಾ ಕಲ್ಲಿಗೆ ಆಸರೆ ಕೊಡುವುದರಲ್ಲಿದ್ದ. ನಾನು ಕರಣೆ ಹಿಡಿದು ಕೆಳಗಿನ ಹಳೆಯ ಗಾರೆ ಕೆರೆಯಲು ಕೂತೆ. ಕಲ್ಲು ಎಬ್ಬಿಸಿದ ತಕ್ಷಣ ಹಳೆಯ ಗಾರೆ ಕೆರೆದು ತಳ ಸ್ವಚ್ಛ ಮಾಡುವುದು ಹುಡುಗರ ಕೆಲಸ. ಯಾರೂ ಹೇಳಬೇಕಾಗಿಲ್ಲ, ಕೈ ತಾನೇ ಅದಕ್ಕೆ ಹೋಗುತ್ತದೆ.

ಸಂಜೆ ಹೊತ್ತು. ಬಿಸಿಲು ಮೆಟ್ಟಿಲ ಕಡೆಯಿಂದ ಅಡ್ಡಕ್ಕೆ ಬೀಳುತ್ತಿತ್ತು. ಗಾರೆಯ ಮೇಲೆ ಸಣ್ಣ ಸಣ್ಣ ಉಬ್ಬು ಕಂಡವು. ಸಾಲಾಗಿ, ಒಂದೇ ಎತ್ತರದಲ್ಲಿ, ಎಲ್ಲವೂ ದುಂಡು ದುಂಡು. ಹುಳುವಿನ ಗೂಡು ಅಂದುಕೊಳ್ಳಬಹುದಿತ್ತು. ಆದರೆ ಹುಳು ಗೆರೆ ಹೊಡೆದ ಹಾಗೆ ನೆಟ್ಟಗೆ ಗೂಡು ಕಟ್ಟುವುದಿಲ್ಲ, ಅಲ್ವಾ? ಬೆರಳು ಇಟ್ಟು ನೋಡಿದೆ. ಕರಣೆ ಕೆಳಗಿಟ್ಟು ಕಾಕಾನನ್ನು ಕರೆದೆ.

ಅವನು ಬಗ್ಗಿ ನೋಡಿದ. ಆಮೇಲೆ ತಲೆ ಓರೆ ಮಾಡಿ ನೋಡಿದ.

"ತಮ್ಮಾ, ಇದು ಅಕ್ಷರ ಅದಾವಲೇ. ಉಲ್ಟಾ ಅದಾವ. ಕರಣಿ ಹಚ್ಚಬ್ಯಾಡ."

ಆಗಿದ್ದು ಇಷ್ಟು. ಕೆತ್ತಿದ ಮುಖವನ್ನು ಕೆಳಗೆ ಮಾಡಿ ಕಲ್ಲನ್ನು ಹಸಿ ಗಾರೆಯ ಮೇಲೆ ಕೂರಿಸಿದ್ದರು. ಕಲ್ಲಿನ ಭಾರಕ್ಕೆ ಗಾರೆ ಅಕ್ಷರಗಳ ಹಳ್ಳಕ್ಕೆ ನುಗ್ಗಿ ಅಲ್ಲೇ ಗಟ್ಟಿಯಾಗಿತ್ತು. ಕಲ್ಲಿನಲ್ಲಿ ತಗ್ಗಾಗಿದ್ದದ್ದು ಗಾರೆಯಲ್ಲಿ ಉಬ್ಬಾಗಿತ್ತು. ಎಡದಿಂದ ಬಲಕ್ಕೆ ಓದುವ ಸಾಲು ಇಲ್ಲಿ ಬಲದಿಂದ ಶುರುವಾಗುತ್ತಿತ್ತು. ಗಾರೆಗೆ ಸುಣ್ಣದ ಜೊತೆ ಇಟ್ಟಿಗೆ ಪುಡಿ ಸೇರಿಸಿದ್ದರು, ಕೆಂಪು ಚುಕ್ಕೆಗಳು ಕಾಣುತ್ತಿದ್ದವು. ನೀರಿರುವ ಜಾಗದಲ್ಲಿ ಬರೀ ಸುಣ್ಣ ಮರಳಿನ ಗಾರೆ ಬೇಗ ಗಟ್ಟಿಯಾಗುವುದಿಲ್ಲ. ಇಟ್ಟಿಗೆ ಪುಡಿ, ಅಂದರೆ ಸುರ್ಕಿ ಸೇರಿಸಿದರೆ ಒದ್ದೆಯಲ್ಲೂ ಗಟ್ಟಿಯಾಗುತ್ತದೆ. ಅಚ್ಚು ಅಷ್ಟು ಚೊಕ್ಕವಾಗಿ ಉಳಿದಿದ್ದಕ್ಕೆ ಇದೂ ಒಂದು ಕಾರಣ. ನಯವಾಗಿ ಜರಡಿ ಹಿಡಿದ ಸುರ್ಕಿ ಅದು. ಜಲ್ಲಿ ಮಿಶ್ರಣ ಆಗಿದ್ದರೆ ಒಂದಕ್ಷರವೂ ಮೂಡುತ್ತಿರಲಿಲ್ಲ.

ಸುದ್ದಿ ಊರಲ್ಲಿ ಹಬ್ಬಲು ಹೊತ್ತು ಬೇಕೇ? ಕತ್ತಲಾಗುವ ಮೊದಲೇ ಬಾವಿಯ ಸುತ್ತ ಜನ. ಶಾಸನ ಅಂದರೆ ಕೆಳಗೆ ನಿಧಿ ಇದೆ ಎನ್ನುವ ನಂಬಿಕೆ ನಮ್ಮ ಕಡೆ ಗಟ್ಟಿ. ಆ ಆಸೆಗೆ ಎಷ್ಟೋ ಒಳ್ಳೆಯ ಶಾಸನದ ಕಲ್ಲು, ವೀರಗಲ್ಲು ಒಡೆದು ಹೋಗಿವೆ. ಒಬ್ಬರು ಎಣ್ಣೆ, ಕುಂಕುಮ ಹಿಡಿದುಕೊಂಡು ಬಂದರು. ಇನ್ನೊಬ್ಬರು ತಂತಿಯ ಬ್ರಷ್ ತರಲೇ ಎಂದು ಕೇಳಿದರು. ಕಾಕಾ ಇಬ್ಬರನ್ನೂ ಮೇಲೆ ಕಳಿಸಿದ. ಎಣ್ಣೆ ಅಕ್ಷರದ ಹಳ್ಳಕ್ಕೆ ಇಳಿದು ಧೂಳು ಹಿಡಿದು ಮೇಣವಾಗುತ್ತದೆ. ತಂತಿ ಬ್ರಷ್ ಬಳಪದ ಕಲ್ಲಿನ ಮೇಲೆ ಹೊಸ ಗೀರು ಎಳೆಯುತ್ತದೆ. ಆಮೇಲೆ ಯಾವುದು ಉಳಿಯ ಗೆರೆ, ಯಾವುದು ಬ್ರಷ್‌ನ ಗೆರೆ ಎಂದು ಯಾರಿಗೂ ಹೇಳಲಾಗದು.

ಊರಿನ ಗೌಡರು ಗದಗದ ಕಾಲೇಜಿನಲ್ಲಿ ಇತಿಹಾಸ ಹೇಳುವ ಒಬ್ಬ ಮೇಷ್ಟ್ರಿಗೆ ಫೋನ್ ಮಾಡಿಸಿದರು. ಶಾಸನ ಓದುವವರು. ತಹಶೀಲ್ದಾರರ ಕಚೇರಿಗೂ ತಿಳಿಸಿ ಎಂದು ಮೊದಲು ಹೇಳಿದವರು ಅವರೇ. ತಾವು ಬರುವವರೆಗೆ ಗಾರೆಯನ್ನು ಮುಟ್ಟಬೇಡಿ, ಒಮ್ಮೆಲೇ ಒಣಗಲೂ ಬಿಡಬೇಡಿ ಎಂದರು. ಎಷ್ಟೋ ಕಾಲ ಒದ್ದೆಯಲ್ಲಿದ್ದ ಗಾರೆ ಬಿಸಿಲಿಗೆ ಗಕ್ಕನೆ ಒಣಗಿದರೆ ಮೇಲ್ಪದರು ಬಿರಿಯುತ್ತದೆ. ಗಾರೆಯ ಸುತ್ತ ಇಟ್ಟಿಗೆ ಇಟ್ಟು, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಒದ್ದೆ ಗೋಣಿಚೀಲ ಹಾಸಿದೆವು. ಗೋಣಿ ಗಾರೆಗೆ ತಾಗಬಾರದು. ತಂಪು ಮಾತ್ರ ತಾಗಬೇಕು. ಕಾಕಾ ರಾತ್ರಿ ಅಲ್ಲೇ ಮಲಗಿದ. ನಿಧಿಯ ಭಯ ಅವನಿಗೆ ಜಾಸ್ತಿ.

ಮೇಷ್ಟ್ರು ಬಂದ ಮೇಲೆ ಮೊದಲು ಕಲ್ಲಿನ ಕೆಲಸ. ಮೆತ್ತಿಕೊಂಡಿದ್ದ ಮಣ್ಣನ್ನು ನೀರು ಚಿಮುಕಿಸಿ ನೆನೆಸಿ, ಬಿದಿರಿನ ಕಡ್ಡಿಯಿಂದ ಬಿಡಿಸಿದೆವು. ಬಿದಿರು ಕಲ್ಲಿಗಿಂತ ಮೆತ್ತಗೆ, ಗೀರು ಬೀಳುವುದಿಲ್ಲ. ಆಮೇಲೆ ಮೆತ್ತನೆ ಬ್ರಷ್. ಇಪ್ಪತ್ತರ ಹತ್ತಿರ ಸಾಲು ಬಂತು. ಹಳೆಯ ಕನ್ನಡ ಲಿಪಿ. ನನಗೆ ಕೆಲವೇ ಅಕ್ಷರ ಗುರುತು ಸಿಕ್ಕವು. ಗ, ಮ, ರ ಇವುಗಳಲ್ಲಿ ಇವತ್ತಿನ ರೂಪ ಸ್ವಲ್ಪ ಇದೆ. ಉಳಿದವು ಕಣ್ಣಿಗೆ ಬರೀ ದುಂಡು.

ಪಡಿಯಚ್ಚು ತೆಗೆಯುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಒದ್ದೆ ಕಲ್ಲಿನ ಮೇಲೆ ನೆನೆಸಿದ ಕಾಗದ ಹಾಸಿ, ದಪ್ಪ ಕೂದಲಿನ ಬ್ರಷ್‌ನಿಂದ ಮೇಲಿಂದ ಕುಟ್ಟುತ್ತಾರೆ. ಉಜ್ಜುವುದಿಲ್ಲ. ಉಜ್ಜಿದರೆ ಕಾಗದ ಹರಿಯುತ್ತದೆ. ಕುಟ್ಟಿದರೆ ಕಾಗದ ಅಕ್ಷರದ ಹಳ್ಳಕ್ಕೆ ಇಳಿಯುತ್ತದೆ. ಗಾಳಿಗುಳ್ಳೆ ಉಳಿದರೆ ಅಲ್ಲಿ ಅಕ್ಷರ ಬರುವುದಿಲ್ಲ. ಕಾಗದ ಅರೆ ಒಣಗಿದ ಹೊತ್ತಿಗೆ ಬಟ್ಟೆಯಲ್ಲಿ ಹತ್ತಿ ಕಟ್ಟಿದ ಉಂಡೆಗೆ ಕಪ್ಪು ಮಸಿ ಹಚ್ಚಿ ಮೇಲೆ ಮೇಲೆ ತಟ್ಟುತ್ತಾರೆ. ಎತ್ತರದ ಜಾಗ ಕಪ್ಪಾಗುತ್ತದೆ, ಹಳ್ಳ ಬೆಳ್ಳಗೆ ಉಳಿಯುತ್ತದೆ. ಮಸಿ ಕಾಗದದ ಹೊರಮುಖಕ್ಕೆ ಹಚ್ಚುವುದರಿಂದ ಅಕ್ಷರ ಉಲ್ಟಾ ಆಗುವುದಿಲ್ಲ, ನೇರವಾಗಿ ಓದಬಹುದು. ಕಾಗದ ಪೂರ್ತಿ ಒದ್ದೆ ಇದ್ದಾಗ ಮಸಿ ಹಚ್ಚಿದರೆ ಹರಡುತ್ತದೆ, ಪೂರ್ತಿ ಒಣಗಿದರೆ ಕಾಗದ ತಾನೇ ಕಲ್ಲು ಬಿಟ್ಟು ಏಳುತ್ತದೆ. ಆ ನಡುವಿನ ಹದ ಗೊತ್ತಾಗಲು ಕೈ ಪಳಗಬೇಕು. ಗಾರೆ ಮಟ್ಟಸ ಮಾಡುವಾಗಲೂ ಇಂಥದೇ ಒಂದು ಹೊತ್ತು ಇರುತ್ತದೆ, ಅದಕ್ಕೇ ನನಗೆ ಅದು ಬೇಗ ಅರ್ಥವಾಯಿತು.

ಮೇಷ್ಟ್ರು ಓದಲು ಶುರು ಮಾಡಿದರು. ಕಲ್ಲು ಶಾಸನದ ಕೆಳಗಿನ ಅರ್ಧ ಮಾತ್ರ. ಮೇಲಿನ ಅಂಚನ್ನು ಉಳಿಯಿಂದ ಕಡಿದ ಗುರುತು ಸ್ಪಷ್ಟವಾಗಿತ್ತು. ಇಂಥ ಶಾಸನಗಳ ನೆತ್ತಿಯಲ್ಲಿ ಸಾಮಾನ್ಯವಾಗಿ ಸೂರ್ಯ ಚಂದ್ರ, ನಡುವೆ ಲಿಂಗ, ಹಸು ಕರು ಇರುತ್ತವೆ. ಅದರ ಕೆಳಗೆ ದೊರೆಯ ಹೆಸರು, ವರ್ಷ. ಅದೆಲ್ಲ ಕಡಿದು ಹೋಗಿತ್ತು. ಉಳಿದದ್ದು ದಾನದ ವಿವರ ಮತ್ತು ಕೊನೆಯ ಶಾಪ. ಶಾಪದ ಶ್ಲೋಕ ಅವರು ನೋಡದೆಯೇ ಹೇಳಿದರು. ಎಲ್ಲ ಕಡೆ ಅದೇ ಇರುತ್ತದಂತೆ: 'ಸ್ವದತ್ತಂ ಪರದತ್ತಂ ವಾ...' ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ದಾನದ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ.

"ಭೂಮಿ ಕಸಗೊಂಡವ್ರಿಗಷ್ಟೇ ಏನ್ರೀ ಸರ್? ಸಿಮೆಂಟ್ ಬಳದವ್ರಿಗೆ ಇಲ್ಲೇನು?" ಎಂದ ಕಾಕಾ.

ದಾನದ ಸಾಲಿನಲ್ಲಿ ಹೀಗಿತ್ತು: 'ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಬಿಟ್ಟ ಮತ್ತರ್ ಪನ್ನೆರಡು.' ಒಡೆದದ್ದು ಬಿರಿದದ್ದನ್ನು ರಿಪೇರಿ ಮಾಡಲು ಬಿಟ್ಟ ಭೂಮಿ ಹನ್ನೆರಡು ಮತ್ತರು. ಮತ್ತರು ಆಗಿನ ಭೂಮಿಯ ಅಳತೆ. ಆ ಭೂಮಿಯ ಬೆಳೆಯಿಂದ ಬರುವ ಹಣ ರಿಪೇರಿಗೆ. ಅಂದರೆ ನಮ್ಮಂಥವರ ಕೂಲಿಗೆ ಎಂದು ಕಾಕಾ ಲೆಕ್ಕ ಹಾಕಿದ.

ಆದರೆ ಏನನ್ನು ರಿಪೇರಿ ಮಾಡಲು? ಆ ಸಾಲಿನ ಶುರು ಕಲ್ಲಿನ ಕೆಟ್ಟ ಮೂಲೆಗೆ ಬರುತ್ತಿತ್ತು. ನೀರು ಸಂದಿನಿಂದ ಅಲ್ಲಿ ಇಳಿದಿಳಿದು, ಒದ್ದೆಯಾಗಿ ಒಣಗಿ, ಉಪ್ಪು ಏರಿ, ಕಲ್ಲಿನ ಮುಖವೇ ಪುಡಿಯಾಗಿತ್ತು. ಪಡಿಯಚ್ಚಿನಲ್ಲಿ ಆ ಜಾಗ ಬರೀ ಕಪ್ಪು ಬಿಳುಪಿನ ಚುಕ್ಕೆ. ಈ ಮಾತು ಶಾಸನಗಳಲ್ಲಿ ಹೆಚ್ಚಾಗಿ ದೇವಸ್ಥಾನಕ್ಕೇ ಬರುತ್ತದೆ, ಹಾಗಾಗಿ 'ದೇವರ' ಅಥವಾ 'ದೇಗುಲದ' ಎಂದಿರಬೇಕು ಎಂದು ಮೇಷ್ಟ್ರು ಪೆನ್ಸಿಲ್‌ನಲ್ಲಿ ಬರೆದುಕೊಂಡರು. ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದರು.

ಆಗ ನಾನು ಹೇಳಿದೆ. "ಸರ್, ಕಲ್ಲಿನ ಆ ಮೂಲಿ ಕೆಟ್ಟೈತಿ. ಗಾರೆ ಕೆಟ್ಟಿರಲಿಕ್ಕಿಲ್ಲ."

ಇದು ಜಾಣತನದ ಮಾತಲ್ಲ. ಗಾರೆಯ ಮೇಲೆ ಗೋಣಿ ಹಾಸಿ ಕಾದವನು ನಾನು, ಅದರ ಮೂಲೆ ಮೂಲೆ ನನಗೆ ಗೊತ್ತಿತ್ತು. ಕಲ್ಲನ್ನು ಗಾರೆಯ ಮೇಲೆ ಕೂರಿಸಿದ ದಿನ ಆ ಮೂಲೆ ಚೆನ್ನಾಗಿದ್ದರೆ ಅಚ್ಚು ಅವತ್ತೇ ಬಿದ್ದಿರುತ್ತದೆ. ಕಲ್ಲು ಆಮೇಲೆ ಪುಡಿಯಾದರೂ ಅಚ್ಚು ಪುಡಿಯಾಗಬೇಕೆಂದೇನಿಲ್ಲ. ಕುಸಿದ ತುದಿಯಲ್ಲಿ ಗಾರೆಯ ಕೆಳಗಿನ ಮಣ್ಣು ಹೋಗಿತ್ತು, ಗಾರೆ ಮಾತ್ರ ಹಪ್ಪಳದಷ್ಟು ತೆಳ್ಳಗೆ, ಕೆಳಗೆ ಆಸರೆಯಿಲ್ಲದೆ ನಿಂತಿತ್ತು. ಆದರೆ ನಿಂತಿತ್ತು.

ಅಲ್ಲಿ ಕಲ್ಲಿನ ಪುಡಿಯೇ ಒಂದು ಪದರ ಕೂತಿತ್ತು, ಬೂದು ಹಿಟ್ಟಿನ ಹಾಗೆ. ಕೈಯಿಂದ ಒರೆಸುವ ಹಾಗಿಲ್ಲ. ಸೈಕಲ್ ಪಂಪಿನ ತುದಿಗೆ ರಬ್ಬರ್ ನಳಿಗೆ ಸಿಕ್ಕಿಸಿ ದೂರದಿಂದ ಮೆತ್ತಗೆ ಗಾಳಿ ಬಿಟ್ಟೆ. ಪುಡಿ ಎದ್ದುಹೋಯಿತು. ಮೇಷ್ಟ್ರು ಟಾರ್ಚ್ ಹಿಡಿದರು. ಮೇಲಿನಿಂದ ನೇರವಾಗಿ ಬೆಳಕು ಬಿಟ್ಟರೆ ಉಬ್ಬು ಕಾಣುವುದೇ ಇಲ್ಲ. ಟಾರ್ಚನ್ನು ನೆಲದ ಮಟ್ಟಕ್ಕೆ ತಂದು ಅಡ್ಡಕ್ಕೆ ಬಿಟ್ಟರೆ ಪ್ರತಿ ಉಬ್ಬಿಗೂ ನೆರಳು ಬೀಳುತ್ತದೆ. ಒಂದೇ ಕಡೆಯಿಂದ ಬಿಟ್ಟರೆ ಸಾಲದು. ಬೆಳಕಿನ ದಿಕ್ಕಿಗೆ ಸಮವಾಗಿರುವ ಗೆರೆಗೆ ನೆರಳು ಬರುವುದಿಲ್ಲ. ಎಡದಿಂದ, ಬಲದಿಂದ, ಮೇಲಿನ ತುದಿಯಿಂದ, ಕೆಳಗಿನ ತುದಿಯಿಂದ ಬೆಳಕು ಬಿಟ್ಟು ಅಷ್ಟಕ್ಕೂ ಫೋಟೊ ತೆಗೆದರು. ಪಕ್ಕದಲ್ಲಿ ಸ್ಕೇಲ್ ಇಟ್ಟಿದ್ದರು. ಮೊಬೈಲ್‌ನಲ್ಲಿ ಫೋಟೊವನ್ನು ಎಡಬಲ ತಿರುಗಿಸಿದರು.

ಮೂರು ಅಕ್ಷರ. 'ಬಾವಿಯ.'

ಮೇಷ್ಟ್ರು ಪೆನ್ಸಿಲ್‌ನಲ್ಲಿ ಬರೆದದ್ದನ್ನು ಅಳಿಸಿದರು. ಬಾವಿಯ ರಿಪೇರಿಗೆ ಬಿಟ್ಟ ಭೂಮಿ. ಕಲ್ಲನ್ನಷ್ಟೇ ನೋಡಿದ್ದರೆ ಅದು ದೇವಸ್ಥಾನದ ದಾನ ಎಂದೇ ಪುಸ್ತಕದಲ್ಲಿ ಸೇರುತ್ತಿತ್ತು. ನಾನು ಕರಣೆಯಿಂದ ಇನ್ನೆರಡು ಸಲ ಎಳೆದಿದ್ದರೂ ಹಾಗೇ ಆಗುತ್ತಿತ್ತು.

ಊರಿನವರಿಗೆ ಖುಷಿಯೋ ಖುಷಿ. 'ಸಾವಿರ ವರ್ಷದ ಬಾವಿ' ಎಂದು ಬೋರ್ಡ್ ಬರೆಸುತ್ತೇವೆ ಎಂದರು. ಮೇಷ್ಟ್ರು ಅವರನ್ನು ತಡೆದರು, ನನಗೆ ಅವರ ಆ ಮಾತು ಬಹಳ ಹಿಡಿಸಿತು. ಅಕ್ಷರದ ರೂಪ ನೋಡಿದರೆ ಕಲ್ಯಾಣದ ಚಾಲುಕ್ಯರ ಕಾಲದ್ದು, 11 ಅಥವಾ 12ನೇ ಶತಮಾನ. ಅದಕ್ಕಿಂತ ಹೆಚ್ಚು ಖಚಿತವಾಗಿ ಅಕ್ಷರ ಹೇಳುವುದಿಲ್ಲ. ಮೇಲಿನ ಅರ್ಧ ಸಿಕ್ಕಿದ್ದರೆ ವರ್ಷ ಸಿಗುತ್ತಿತ್ತು. ಶಕ ವರ್ಷ ಇದ್ದರೆ 78 ಕೂಡಿಸಿ ನಮ್ಮ ಇಸವಿ ತಿಳಿಯಬಹುದು. ಚಾಲುಕ್ಯ ವಿಕ್ರಮ ವರ್ಷ ಇದ್ದರೆ ಅದು 1076ರಿಂದ ಶುರು, ಹಾಗಾಗಿ 1075 ಕೂಡಿಸಬೇಕು. ಆದರೆ ಅದು ಕಲ್ಲಿನ ವಯಸ್ಸು. ಈ ಕಟ್ಟೆಯ ವಯಸ್ಸಲ್ಲ. ಶಾಸನದ ಕಲ್ಲನ್ನು ಕಡಿದು ಹಾಸುಗಲ್ಲು ಮಾಡಿದ್ದಾರೆ ಎಂದರೆ ಈ ಕಟ್ಟೆ ಕಟ್ಟಿದ್ದು ಅಥವಾ ರಿಪೇರಿ ಮಾಡಿದ್ದು ಶಾಸನ ಬರೆಸಿದ ಎಷ್ಟೋ ಕಾಲದ ಮೇಲೆ. ಆ ದಾನ, ಆ ಶಾಪ, ಯಾವುದಕ್ಕೂ ಬೆಲೆ ಉಳಿಯದ ಕಾಲ ಅದು. ಶಾಸನ ಹೇಳುವ ಬಾವಿ ಇದೇನಾ ಎಂದರೆ ಅದಕ್ಕೂ ಗ್ಯಾರಂಟಿ ಇಲ್ಲ. ಬಂಡಿಯಲ್ಲಿ ಹೇರಿ ತರಬಹುದಾದ ಕಲ್ಲು ಪಕ್ಕದ ಊರಿನಿಂದಲೂ ಬಂದಿರಬಹುದು.

ಅಕ್ಷರದ ಮುಖವನ್ನು ಕೆಳಗೆ ಯಾಕೆ ಹಾಕಿದರು ಎನ್ನುವುದಕ್ಕೆ ಇಬ್ಬರೂ ಬೇರೆ ಬೇರೆ ಕಾರಣ ಕೊಟ್ಟರು. ಅಕ್ಷರ ಎಂದರೆ ಸರಸ್ವತಿ, ಅದರ ಮೇಲೆ ಕಾಲು ಬೀಳಬಾರದು ಎಂದು ಹಾಗೆ ಮಾಡಿದ್ದಾರೆ ಎಂದು ಕಾಕಾನ ಮಾತು. ಮೇಷ್ಟ್ರು ನಕ್ಕರು. ಕೆತ್ತಿದ ಮುಖ ನಯ, ಗಾರೆಯ ಮೇಲೆ ಸರಿಯಾಗಿ ಕೂರುತ್ತದೆ. ಹಿಂಭಾಗ ಒರಟು, ಒದ್ದೆ ಕಾಲು ಜಾರುವುದಿಲ್ಲ. ಯಾವ ಗೌಂಡಿಯಾದರೂ ಹಾಗೇ ಹಾಕುತ್ತಾನೆ ಎಂದರು. ಗೌಂಡಿಯ ಕಾರಣವನ್ನು ಮೇಷ್ಟ್ರು, ಮೇಷ್ಟ್ರ ಕಾರಣವನ್ನು ಗೌಂಡಿ ಹೇಳಿದ ಹಾಗಾಯಿತು. ನನಗೆ ಮೇಷ್ಟ್ರ ಮಾತೇ ಸರಿ ಅನಿಸುತ್ತದೆ. ಕಾಕಾನ ಮುಂದೆ ಹೇಳಿಲ್ಲ.

ಇನ್ನು ಗಾರೆಯ ಅಚ್ಚನ್ನು ಏನು ಮಾಡುವುದು? ಕಟ್ಟೆ ಸರಿಮಾಡಲು ಆ ಗಾರೆ ತೆಗೆಯಲೇಬೇಕು, ಅದರ ಕೆಳಗೆ ಟೊಳ್ಳು. ಪೂರ್ತಿ ಎತ್ತಲು ಆಗುವುದಿಲ್ಲ, ತೆಳು ಗಾರೆ ತನ್ನ ಭಾರಕ್ಕೇ ಮುರಿಯುತ್ತದೆ. ಎಲ್ಲ ಸಾಲುಗಳ ಫೋಟೊ ತೆಗೆದ ಮೇಲೆ ಆ ಮೂಲೆಯನ್ನು ಮಾತ್ರ ಉಳಿಸುವುದು ಎಂದು ತೀರ್ಮಾನವಾಯಿತು. ಅಲ್ಲಿ ಮಾತ್ರ ಕಲ್ಲಿನಲ್ಲಿ ಇಲ್ಲದ್ದು ಗಾರೆಯಲ್ಲಿತ್ತು. ಸುತ್ತ ತೆಳು ಗರಗಸದಿಂದ ನಿಧಾನ ಕೊಯ್ದೆವು. ಕೆಳಗಿನ ಟೊಳ್ಳಿನಲ್ಲಿ ಮೊದಲು ಒದ್ದೆ ಮರಳು ತುಂಬಿ ಆಸರೆ ಮಾಡಿಕೊಂಡೆವು. ಆಮೇಲೆ ಒಂದು ತಗಡನ್ನು ಮರಳಿನ ಮೇಲಿನಿಂದ ತೂರಿಸಿ, ತಗಡಿನ ಸಮೇತ ಹಲಗೆಗೆ ಎಳೆದುಕೊಂಡೆವು. ಒಂದು ಕಡೆ ಬಿರುಕು ಬಿಟ್ಟಿತು, ಅಕ್ಷರಕ್ಕೆ ತಾಗಲಿಲ್ಲ. ಅದನ್ನು ಪಂಚಾಯಿತಿ ಕಚೇರಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.

ಶಾಸನದ ಕಲ್ಲನ್ನು ಮತ್ತೆ ನೆಲಕ್ಕೆ ಹಾಕಲಿಲ್ಲ. ಬಾವಿಯ ಮೇಲೆ, ನೀರು ನಿಲ್ಲದ ಜಾಗದಲ್ಲಿ, ಒಂದು ಚಪ್ಪರದ ಕೆಳಗೆ ನಿಲ್ಲಿಸಿದೆವು. ಬುಡವನ್ನು ಸಿಮೆಂಟಿನಲ್ಲಿ ಹೂಳದೆ ಕಲ್ಲಿನ ಗೂಟಗಳ ನಡುವೆ ಸಿಕ್ಕಿಸಿದೆವು. ಸಿಮೆಂಟಿನಿಂದ ಉಪ್ಪು ಕಲ್ಲಿಗೆ ಏರುತ್ತದೆ, ಕೆಟ್ಟ ಮೂಲೆ ಇನ್ನೂ ಕೆಡುತ್ತದೆ. ಅದರ ಜಾಗಕ್ಕೆ ಅದೇ ಅಳತೆಯ ಹೊಸ ಕಗ್ಗಲ್ಲು. ಅದರ ಅಂಚಿನಲ್ಲಿ ನಾವು ಹಾಕಿದ ಇಸವಿ ಕೆತ್ತಿದೆ. ಮುಂದೆ ಯಾರೂ ಇದನ್ನೂ ಚಾಲುಕ್ಯರ ತಲೆಗೆ ಕಟ್ಟಬಾರದಲ್ಲ. ಕೆಳಗಿನ ಗಾರೆ ಒಂದು ಬುಟ್ಟಿ ಸುಣ್ಣ, ಒಂದು ಬುಟ್ಟಿ ಸುರ್ಕಿ, ಎರಡು ಬುಟ್ಟಿ ಮರಳು. ಸುಣ್ಣವನ್ನು ಮೊದಲೇ ನೀರಿನಲ್ಲಿ ನೆನೆಹಾಕಿ ವಾರಗಟ್ಟಲೆ ಹಾಗೇ ಬಿಟ್ಟಿದ್ದೆವು. ಸುರ್ಕಿಗೆ ಅರೆಬೆಂದ ಇಟ್ಟಿಗೆಯನ್ನೇ ಆರಿಸಿ ಪುಡಿ ಮಾಡಿದ್ದು. ಕಪ್ಪಾಗುವಷ್ಟು ಬೆಂದ ಇಟ್ಟಿಗೆಯ ಪುಡಿ ಸುಣ್ಣದ ಜೊತೆ ಸರಿಯಾಗಿ ಬೆರೆತು ಗಟ್ಟಿಯಾಗುವುದಿಲ್ಲ.

ಕೆಲಸ ಮುಗಿಯುವ ಹೊತ್ತಿಗೆ ಊರಿನವರು ಹೊಸ ಬೇಡಿಕೆ ತಂದರು. ಶಾಸನದ ಮೇಲಿನ ಅರ್ಧವೂ ಇಲ್ಲೇ ಎಲ್ಲೋ ಇರಬೇಕು, ಮೆಟ್ಟಿಲುಗಳನ್ನೆಲ್ಲ ಎಬ್ಬಿಸಿ ನೋಡಿ ಎಂದರು. ಕೂಲಿ ಎಷ್ಟಾದರೂ ಕೊಡುತ್ತೇವೆ ಎಂದರು. ಸುಳ್ಳಲ್ಲ, ನನಗೂ ಆಸೆಯಾಯಿತು. ಕೆಳಗಿನ ಮೆಟ್ಟಿಲುಗಳಲ್ಲಿ ಎರಡು ಅದೇ ಬಳಪದ ಕಲ್ಲು, ಅಗಲ ದಪ್ಪ ಎರಡೂ ಹೊಂದುತ್ತಿದ್ದವು.

ಕಾಕಾ ಎರಡನ್ನೂ ತಟ್ಟಿ ನೋಡಿದ. ಗಟ್ಟಿ ಸದ್ದು.

"ಗೌಡ್ರ, ಇವು ಗಟ್ಟಿ ಅದಾವ. ಕೆಡಲಾರದ ಕಲ್ಲನ್ನ ನಾ ಎಬ್ಬಸಂಗಿಲ್ಲ. ಎಬ್ಬಿಸಿದ್ರ ಒಂದು ಅಂಚು ಒಡೀತೈತಿ, ಕೆಳಗಿನ ಗಾರಿನೂ ಹೋಗ್ತೈತಿ. ಏನೂ ಸಿಗಲಿಲ್ಲಂದ್ರ ಪಾವಟಿಗಿನೂ ಹೋತು."

ಗೌಡರು ಸ್ವಲ್ಪ ಹೊತ್ತು ವಾದ ಮಾಡಿ ಬಿಟ್ಟರು. ನಾನು ಬಾವಿಯ ನಕಾಶೆಯ ಮೇಲೆ ಆ ಎರಡು ಮೆಟ್ಟಿಲುಗಳಿಗೆ ಕೆಂಪು ಗುರುತು ಹಾಕಿ, ಪಕ್ಕದಲ್ಲಿ ಬರೆದೆ: 'ಈ ಕಲ್ಲು ಮುಂದೆ ಕುಸಿದರೆ ಮಾತ್ರ ತೆಗೆಯಿರಿ. ಬೆಣೆ ಹೊಡೆದು, ಒಂದು ಅಂಚಿನ ಮೇಲೆ ನಿಲ್ಲಿಸಿ. ಕೆಳಗಿನ ಗಾರೆ ಕೆರೆಯುವ ಮೊದಲು ಅಡ್ಡ ಬೆಳಕಿನಲ್ಲಿ ನೋಡಿ.' ನಕಾಶೆಯ ಒಂದು ಪ್ರತಿ ಪಂಚಾಯಿತಿಯಲ್ಲಿದೆ, ಇನ್ನೊಂದು ಮೇಷ್ಟ್ರ ಹತ್ತಿರ.